ಕಾಫಿ ಪುಡಿ ದರ: ನಮ್ಮ ಗ್ರಾಹಕರಲ್ಲಿ ಅರಿಕೆ

ಮಾರ್ಚ್ 1, 2025ರಿಂದ ಕಾಫಿ ಪುಡಿಯ ಬೆಲೆ ಏರಿಸುತ್ತಿದ್ದೇವೆ. 80:20 ಪುಡಿ ಕೆಜಿಗೆ 620 ರೂಪಾಯಿ ಇದ್ದದ್ದು 720 ಆಗುತ್ತದೆ. ಚಿಕೋರಿ ಇಲ್ಲದ ಪುಡಿ 700ರಿಂದ 820.

ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟು ಬೆಳೆ ಕಡಿಮೆಯಾಯಿತು. ಅಲ್ಲಿ ಬೀಜ ತುಟ್ಟಿಯಾದರೆ ಚಿಕ್ಕಮಗಳೂರು, ಕೊಡಗಿನಲ್ಲೂ ತುಟ್ಟಿ. ಐದು ತಿಂಗಳು ನಾವೇ ತಡೆದುಕೊಂಡೆವು. ಇನ್ನು ಆಗುತ್ತಿಲ್ಲ.

ಚಿಕೋರಿ ಜಾಸ್ತಿ ಹಾಕಿ ಹಳೇ ಬೆಲೆಗೇ ಕೊಡಬಹುದಿತ್ತು. ಆದರೆ ಬೆಳಿಗ್ಗೆ ಫಿಲ್ಟರ್‌ನಿಂದ ಇಳಿಯುವ ಮೊದಲ ಡಿಕಾಕ್ಷನ್‌ನಲ್ಲೇ ನಿಮಗೆ ಗೊತ್ತಾಗುತ್ತದೆ, ಅಲ್ವಾ? ನಮಗೆ ಮನಸ್ಸು ಬರಲಿಲ್ಲ. ಬೀಜ ಅದೇ, ಹುರಿಯುವ ಹದ ಅದೇ. ಎಂದಿನಂತೆ ನಿಮ್ಮ ಕಣ್ಣೆದುರೇ ಪುಡಿ ಮಾಡಿಕೊಡುತ್ತೇವೆ.

ತಿಂಗಳ ಲೆಕ್ಕ ಬರೆಸುವವರಿಗೆ ಮಾರ್ಚ್ ಪೂರ್ತಿ ಹಳೇ ದರವೇ. 100 ಗ್ರಾಂ ಸಾಕೆಂದರೂ ಸಂಕೋಚ ಬೇಡ, ಕೇಳಿ.

ಅಂಗಡಿಯವರು, ಮೈಸೂರು