ವಿಷಯ: ನವೆಂಬರ್ 2025ರ ಐಟಿ ಸರ್ವಿಸ್ ರಿಪೋರ್ಟ್

ಡಾಕ್ಟರ್ ಮೇಡಂ, ನಮಸ್ಕಾರ.

ನವೆಂಬರ್‌ನಲ್ಲಿ ಸರ್ವರ್ 99.5% ಹೊತ್ತು ಚಾಲೂ ಇತ್ತು. ನಿಂತಿದ್ದು ಒಂದೇ ಸಲ, 18ರಂದು, ಸುಮಾರು ಮೂರೂವರೆ ಗಂಟೆ. ನೆಲ ಒರೆಸುವಾಗ ಯುಪಿಎಸ್ ಪ್ಲಗ್ ಸಡಿಲವಾಗಿ ಬ್ಯಾಟರಿ ಖಾಲಿಯಾಗಿತ್ತು, ಅಷ್ಟೇ. ವಯರನ್ನು ಗೋಡೆಗೆ ಕ್ಲಿಪ್ ಮಾಡಿದ್ದೇನೆ.

ಬಂದ ಟಿಕೆಟ್ 11, ಮುಗಿದದ್ದು 10. ಆರು ರಿಸೆಪ್ಷನ್ ಪ್ರಿಂಟರಿನದೇ! ರೋಲರ್ ಸವೆದಿದೆ, ಹೊಸದು ಗುರುವಾರ ಬರುತ್ತದೆ.

ನನಗೆ ಚಿಂತೆ ಇರುವುದು ಲ್ಯಾಬ್ ಪಿಸಿದು. ಅದರಲ್ಲಿ ಇನ್ನೂ ವಿಂಡೋಸ್ 10 ಇದೆ. ಅದರ ಮಾಮೂಲಿ ಸಪೋರ್ಟ್ ಅಕ್ಟೋಬರ್ 14ಕ್ಕೇ ಮುಗಿದಿದೆ. ಪೇಷಂಟ್ ರಿಪೋರ್ಟೆಲ್ಲ ಅಲ್ಲೇ ಇರುವುದು ಅಲ್ವಾ? ಹಳೇ ಮೆಷಿನ್‌ಗೆ ವಿಂಡೋಸ್ 11 ಹಾಕಲು ಬರುವುದಿಲ್ಲ, ಬದಲಾಯಿಸಲೇಬೇಕು. ಎರಡು ಕೊಟೇಶನ್ ಲಗತ್ತಿಸಿದ್ದೇನೆ, ಡಿಸೆಂಬರ್ 10ರೊಳಗೆ ಹೇಳಿ.

ಬ್ಯಾಕಪ್ ಡಿಸ್ಕನ್ನು ಸರ್ವರ್ ಪಕ್ಕ ಇಡುವುದು ಬೇಡ. ಮಾನಿಟರ್‌ಗೆ ಅಂಟಿಸಿರುವ ಪಾಸ್‌ವರ್ಡ್ ಚೀಟಿಯನ್ನೂ ಕೀಳಿಸಿಬಿಡಿ.

ಇತಿ,
ಮಂಜುನಾಥ