ಎರಡನೇ ಕಿರುಪರೀಕ್ಷೆ: ಟಾರ್ಕ್ ಲೆಕ್ಕಗಳಲ್ಲಿ ಚಿಹ್ನೆಯಿಂದಾಗಿ ಅಂಕ ಕಡಿತವಾದ ಬಗ್ಗೆ

ಪ್ರಥಮ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳಿಗೆ,

ಭೌತಶಾಸ್ತ್ರದ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹಿಂದಿರುಗಿಸಿದ ಮೇಲೆ ನಿಮ್ಮಲ್ಲಿ ಹಲವರು ಕೇಳಿದ ಪ್ರಶ್ನೆ ಒಂದೇ: ‘ಉತ್ತರದ ಸಂಖ್ಯೆ ಸರಿಯಾಗಿದ್ದರೂ ಅಂಕ ಏಕೆ ಹೋಯಿತು?’ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ವಿವರಿಸುವುದಕ್ಕಿಂತ ಎಲ್ಲರಿಗೂ ಸೇರಿಸಿ ಬರೆಯುವುದು ಒಳ್ಳೆಯದೆಂದು ಈ ಟಿಪ್ಪಣಿಯನ್ನು ಕೊಡುತ್ತಿದ್ದೇನೆ. ನಿಮ್ಮ ಉತ್ತರ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಓದಿ.

ಮೊದಲು ಒಂದು ಅನುಮಾನವನ್ನು ನಿವಾರಿಸುತ್ತೇನೆ. ಅಪ್ರದಕ್ಷಿಣ ದಿಕ್ಕನ್ನು ಧನವೆಂದು ತೆಗೆದುಕೊಳ್ಳುವುದು ರೂಢಿಯೇ ಹೊರತು ಪ್ರಕೃತಿಯ ನಿಯಮವಲ್ಲ. ಪ್ರದಕ್ಷಿಣ ದಿಕ್ಕನ್ನು ಧನವೆಂದು ಬರೆದು, ಲೆಕ್ಕದ ಕೊನೆಯವರೆಗೂ ಅದನ್ನೇ ಪಾಲಿಸಿದವರಿಗೆ ನಾನು ಅರ್ಧ ಅಂಕವನ್ನೂ ಕಡಿಮೆ ಮಾಡಿಲ್ಲ. ಯಾವ ದಿಕ್ಕು ಧನವೆಂದು ಎಲ್ಲಿಯೂ ಹೇಳದೆ, ಒಂದು ಸಾಲಿನಲ್ಲಿ ಒಂದು ರೀತಿ, ಮುಂದಿನ ಸಾಲಿನಲ್ಲಿ ಇನ್ನೊಂದು ರೀತಿ ಬರೆದವರು ಮಾತ್ರ ಅಂಕ ಕಳೆದುಕೊಂಡಿದ್ದಾರೆ.

ಅತಿ ಹೆಚ್ಚು ಅಂಕ ಹೋಗಿರುವುದು 21ನೇ ಪ್ರಶ್ನೆಯಲ್ಲಿ. 3 ಮೀಟರ್ ಉದ್ದದ, 8 ಕೆಜಿ ದ್ರವ್ಯರಾಶಿಯ ಏಕರೂಪದ ತೊಲೆಯೊಂದು ಎಡತುದಿ A ಯಲ್ಲಿ ಗೋಡೆಗೆ ಕೀಲಿನಿಂದ ಜೋಡಿಸಲ್ಪಟ್ಟು ಅಡ್ಡಲಾಗಿ ನಿಂತಿದೆ. ಬಲತುದಿಯಿಂದ ಗೋಡೆಗೆ ಹೋಗುವ ಹಗ್ಗ ತೊಲೆಯೊಂದಿಗೆ 30° ಕೋನ ಮಾಡುತ್ತದೆ. A ಯಿಂದ 2 ಮೀಟರ್ ದೂರದ C ಬಿಂದುವಿನಲ್ಲಿ 12 ಕೆಜಿ ಭಾರ ತೂಗುತ್ತಿದೆ. g ಅನ್ನು 10 ಎಂದು ಕೊಡಲಾಗಿತ್ತು. ಮೊದಲ ಭಾಗದಲ್ಲಿ ಹಗ್ಗದ ಎಳೆತ T ಯನ್ನು ಕಂಡುಹಿಡಿಯಬೇಕಿತ್ತು. A ಯ ಸುತ್ತ, ಅಪ್ರದಕ್ಷಿಣವನ್ನು ಧನವಾಗಿಟ್ಟುಕೊಂಡು:

T sin 30° × 3 − 80 × 1.5 − 120 × 2 = 0, ಆದ್ದರಿಂದ T = 240 N.

ಇದನ್ನು ಬಹುತೇಕ ಎಲ್ಲರೂ ಸರಿಯಾಗಿ ಮಾಡಿದ್ದೀರಿ. ಆದರೆ ಅನೇಕರು ಅದನ್ನು ತಪ್ಪು ಕಾರಣದಿಂದ ಸರಿ ಮಾಡಿದ್ದೀರಿ ಎಂಬುದು ಮೂರನೇ ಭಾಗಕ್ಕೆ ಬಂದಾಗಲಷ್ಟೇ ಬಯಲಾಯಿತು. ಅಲ್ಲಿ, ಕೀಲು ತೊಲೆಯ ಮೇಲೆ ಮೇಲ್ಮುಖವಾಗಿ 80 N ಬಲ ಕೊಡುತ್ತದೆ ಎಂಬ ಎರಡನೇ ಭಾಗದ ಉತ್ತರವನ್ನು ಬಳಸಿ, C ಬಿಂದುವಿನ ಸುತ್ತ ಒಟ್ಟು ಟಾರ್ಕ್ ಸೊನ್ನೆಯೆಂದು ತೋರಿಸಬೇಕಿತ್ತು. ಹೆಚ್ಚಿನ ಉತ್ತರಗಳಲ್ಲಿ ಇರುವ ಸಾಲು ಇದು:

+80 × 2 − 80 × 0.5 + 120 × 1 = 240

ಒಬ್ಬರಂತೂ ಇದರ ಕೆಳಗೆ ‘ಆದ್ದರಿಂದ ತೊಲೆ ಸಮತೋಲನದಲ್ಲಿಲ್ಲ’ ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಸಮತೋಲನದ ಷರತ್ತಿನಿಂದಲೇ T ಯನ್ನು ಪಡೆದು, ಅದೇ ತೊಲೆ ಸಮತೋಲನದಲ್ಲಿಲ್ಲ ಎಂದು ಹೇಳುವುದು ಹೇಗೆ ಸಾಧ್ಯವೆಂದು ಬರೆಯುವ ಮೊದಲು ಯೋಚಿಸಬಹುದಿತ್ತು.

ಇಲ್ಲಿ ಆದದ್ದೇನೆಂದರೆ, ಮೇಲಕ್ಕೆ ಒತ್ತುವ ಬಲಕ್ಕೆ ಧನ, ಕೆಳಕ್ಕೆ ಎಳೆಯುವ ಬಲಕ್ಕೆ ಋಣ ಎಂಬ ಬಲದ ಚಿಹ್ನೆಯನ್ನೇ ನೀವು ಟಾರ್ಕ್‌ಗೂ ಅಂಟಿಸಿದ್ದೀರಿ. A ಯ ಸುತ್ತ ಲೆಕ್ಕ ಹಾಕುವಾಗ ಎಲ್ಲ ಬಲಗಳೂ ಅಕ್ಷದ ಬಲಭಾಗದಲ್ಲೇ ಇದ್ದುದರಿಂದ ‘ಮೇಲಕ್ಕೆ’ ಎಂಬುದೂ ‘ಅಪ್ರದಕ್ಷಿಣ’ ಎಂಬುದೂ ಆಕಸ್ಮಿಕವಾಗಿ ಒಂದೇ ಆದವು. C ಯ ಸುತ್ತ ಹಾಗಿಲ್ಲ. C ಯಲ್ಲಿ ಪೆನ್ಸಿಲ್ ಮೊನೆ ಊರಿ, ಪ್ರತಿ ಬಲವೂ ಒಂಟಿಯಾಗಿದ್ದಿದ್ದರೆ ತೊಲೆಯನ್ನು ಯಾವ ಕಡೆಗೆ ತಿರುಗಿಸುತ್ತಿತ್ತೆಂದು ನೋಡಿ. ಕೀಲಿನ ಬಲ ಎಡಭಾಗದಲ್ಲಿದ್ದು ಮೇಲಕ್ಕೆ ತಳ್ಳುತ್ತದೆ, ಆದ್ದರಿಂದ ತೊಲೆ ಪ್ರದಕ್ಷಿಣವಾಗಿ ತಿರುಗಬೇಕು: −160. ತೊಲೆಯ ತೂಕವೂ ಎಡಭಾಗದಲ್ಲೇ ಇದೆ, ಆದರೆ ಕೆಳಕ್ಕೆ ಎಳೆಯುತ್ತದೆ, ಹಾಗಾಗಿ ಅಪ್ರದಕ್ಷಿಣ: +40. ಹಗ್ಗದ ಲಂಬ ಘಟಕ ಬಲಭಾಗದಲ್ಲಿ ಮೇಲಕ್ಕೆ ಎಳೆಯುತ್ತದೆ, ಅದೂ ಅಪ್ರದಕ್ಷಿಣ: +120. ಮೂರನ್ನೂ ಕೂಡಿದರೆ ಸೊನ್ನೆ. 12 ಕೆಜಿ ಭಾರ C ಯಲ್ಲೇ ತೂಗುತ್ತಿರುವುದರಿಂದ ಅದರ ಟಾರ್ಕ್ ಸೊನ್ನೆ. ಅಡ್ಡ ಘಟಕಗಳ ಕ್ರಿಯಾರೇಖೆ ತೊಲೆಯುದ್ದಕ್ಕೂ ಸಾಗುವುದರಿಂದ ಅವುಗಳದ್ದೂ ಸೊನ್ನೆ.

ಬಲದ ದಿಕ್ಕೊಂದರಿಂದಲೇ ಟಾರ್ಕ್‌ನ ಚಿಹ್ನೆ ನಿರ್ಧಾರವಾಗುವುದಿಲ್ಲ. ಬಲ ಅಕ್ಷದ ಯಾವ ಪಕ್ಕದಲ್ಲಿದೆ ಎಂಬುದೂ ಸೇರಿಯೇ ಅದು ನಿರ್ಧಾರವಾಗುತ್ತದೆ. ಅಕ್ಷವನ್ನು ಬದಲಾಯಿಸಿದಾಗಲೆಲ್ಲ ಚಿಹ್ನೆಗಳನ್ನು ಹೊಸದಾಗಿ ನೋಡಬೇಕು. ಇದೇ ಪ್ರಶ್ನೆಯಲ್ಲಿ ಕೆಲವರು g = −10 ಎಂದೂ ಬರೆದು, ತೂಕದ ಟಾರ್ಕ್‌ಗೆ ಇನ್ನೊಂದು ಋಣಚಿಹ್ನೆಯನ್ನೂ ಹಾಕಿ, T = −240 N ಎಂದು ಪಡೆದು, ಕೊನೆಯ ಸಾಲಿನಲ್ಲಿ ಋಣಚಿಹ್ನೆಯನ್ನು ಸದ್ದಿಲ್ಲದೆ ಕೈಬಿಟ್ಟಿದ್ದಾರೆ. ಹಗ್ಗ ಎಳೆಯಬಲ್ಲದೇ ಹೊರತು ತಳ್ಳಲಾರದು. ಆ ಋಣಚಿಹ್ನೆ ನಿಮಗೆ ತಪ್ಪನ್ನು ತೋರಿಸಿಕೊಡುತ್ತಿತ್ತು. ಅದನ್ನು ಅಳಿಸಿದ್ದಕ್ಕೇ ಒಂದು ಅಂಕ ಹೋಗಿದೆ.

22ನೇ ಪ್ರಶ್ನೆಯ ರಾಟೆಯಲ್ಲಿ ತಪ್ಪು ಇನ್ನಷ್ಟು ಸೂಕ್ಷ್ಮವಾಗಿದೆ. 4 ಕೆಜಿ ದ್ರವ್ಯರಾಶಿಯ, 0.1 ಮೀಟರ್ ತ್ರಿಜ್ಯದ ತಟ್ಟೆಯಾಕಾರದ ರಾಟೆಯ ಬಲಕ್ಕೆ 5 ಕೆಜಿ, ಎಡಕ್ಕೆ 3 ಕೆಜಿ ತೂಗುತ್ತಿವೆ. ಹಗ್ಗ ಜಾರುವುದಿಲ್ಲ. 5 ಕೆಜಿ ಕೆಳಗಿಳಿಯುವ ವೇಗೋತ್ಕರ್ಷವನ್ನು a ಎಂದು ಧನವಾಗಿ ತೆಗೆದುಕೊಂಡು T₁ = 50 − 5a, T₂ = 30 + 3a ಎಂದು ಬರೆದಿದ್ದೀರಿ. ಇಲ್ಲಿಯವರೆಗೆ ಸರಿ. ಆಮೇಲೆ ರಾಟೆಗೆ ಬಂದಾಗ, ಅಪ್ರದಕ್ಷಿಣ ಧನವೆಂಬ ಅಭ್ಯಾಸಬಲದಿಂದ (T₂ − T₁)R = Iα ಎಂದು ಬರೆದು, α = a/R ಎಂದು ಹಾಕಿದ್ದೀರಿ. 5 ಕೆಜಿ ಬಲಬದಿಯಲ್ಲಿ ಕೆಳಗಿಳಿದರೆ ರಾಟೆ ತಿರುಗುವುದು ಪ್ರದಕ್ಷಿಣವಾಗಿ. ಅಪ್ರದಕ್ಷಿಣವನ್ನು ಧನವಾಗಿಟ್ಟರೆ α = −a/R ಆಗಬೇಕು; ಅದು ಬೇಡವೆಂದರೆ ರಾಟೆಗೂ ಪ್ರದಕ್ಷಿಣವನ್ನೇ ಧನವಾಗಿಟ್ಟು (T₁ − T₂)R = Iα ಎಂದು ಬರೆಯಬೇಕು. ಎರಡೂ ದಾರಿಯಲ್ಲಿ a = 2 m/s², T₁ = 40 N, T₂ = 36 N ಬರುತ್ತವೆ.

ನಿಮ್ಮ ದಾರಿಯಲ್ಲಿ a = 3.33 m/s² ಬಂದಿದೆ. ರಾಟೆಗೆ ದ್ರವ್ಯರಾಶಿಯೇ ಇಲ್ಲದಿದ್ದರೂ ಈ ಎರಡು ಭಾರಗಳ ವೇಗೋತ್ಕರ್ಷ 20/8, ಅಂದರೆ 2.5 m/s² ಮಾತ್ರ. ರಾಟೆಗೆ ತೂಕ ಬಂದಮೇಲೆ ಭಾರಗಳು ಇನ್ನೂ ಚುರುಕಾಗಿ ಚಲಿಸುತ್ತವೆಂದರೆ ನಂಬುವುದು ಹೇಗೆ? ಈ ಒಂದು ಪರಿಶೀಲನೆ ಮಾಡಿದ್ದ ಬೆರಳೆಣಿಕೆಯ ವಿದ್ಯಾರ್ಥಿಗಳು ಹಿಂದಿರುಗಿ ಹೋಗಿ ಸಮೀಕರಣವನ್ನು ತಿದ್ದಿಕೊಂಡಿರುವುದು ಅವರ ಉತ್ತರ ಪತ್ರಿಕೆಯಲ್ಲೇ ಕಾಣುತ್ತದೆ. ಹೊಡೆದುಹಾಕಿದ ಸಾಲುಗಳನ್ನು ನೋಡಿ ನನಗೆ ಸಂತೋಷವೇ ಆಯಿತು.

14ನೇ ಪ್ರಶ್ನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. r = 2î + 3ĵ, F = 4î − ĵ ಆದಾಗ τ = r × F = −14 k̂. +14 k̂ ಬರೆದವರು F × r ಲೆಕ್ಕ ಹಾಕಿದ್ದಾರೆ. ಸದಿಶ ಗುಣಲಬ್ಧದಲ್ಲಿ ಕ್ರಮ ಬದಲಾದರೆ ಚಿಹ್ನೆಯೂ ಬದಲಾಗುತ್ತದೆ. ಬರೀ 14 ಎಂದು ಬರೆದವರು ಪರಿಮಾಣವನ್ನಷ್ಟೇ ಕೊಟ್ಟಿದ್ದಾರೆ, ಪ್ರಶ್ನೆ ಕೇಳಿದ್ದು ಸದಿಶವನ್ನು. ಇಲ್ಲಿ ಋಣಚಿಹ್ನೆಗೆ ಟಾರ್ಕ್ ಕಾಗದದ ಒಳಮುಖವಾಗಿದೆ, ಅಂದರೆ ಮೇಲಿನಿಂದ ನೋಡುವವರಿಗೆ ಪ್ರದಕ್ಷಿಣವಾಗಿದೆ ಎಂದು ಅರ್ಥ. ಬಲಗೈ ಬೆರಳುಗಳನ್ನು r ನಿಂದ F ಕಡೆಗೆ ಮಡಿಸಿ ನೋಡಿದರೆ ಹೆಬ್ಬೆರಳು ಅದನ್ನೇ ತೋರಿಸುತ್ತದೆ. ಪರೀಕ್ಷೆಯಲ್ಲಿ ಬಲಗೈಯಲ್ಲಿ ಪೆನ್ ಹಿಡಿದುಕೊಂಡೇ ಎಡಗೈಯಿಂದ ಈ ನಿಯಮವನ್ನು ಪ್ರಯೋಗಿಸುತ್ತಿದ್ದ ಕೆಲವರನ್ನು ನಾನು ಗಮನಿಸಿದ್ದೇನೆ. ದಯವಿಟ್ಟು ಪೆನ್ ಕೆಳಗಿಡಿ.

ಮುಂದಿನ ಪರೀಕ್ಷೆಯಿಂದ ಪ್ರತಿ ಟಾರ್ಕ್ ಲೆಕ್ಕದ ಚಿತ್ರದಲ್ಲಿ ಅಕ್ಷವನ್ನು ಚುಕ್ಕೆಯಿಂದ ಗುರುತಿಸಿ, ಧನದಿಕ್ಕನ್ನು ಬಾಗಿದ ಬಾಣದಿಂದ ತೋರಿಸಿರಬೇಕು. ಅದಕ್ಕೆ ಅರ್ಧ ಅಂಕವನ್ನು ಮೀಸಲಿಡುತ್ತೇನೆ. ಸೋಮವಾರದ ತರಗತಿಗೆ 21ನೇ ಪ್ರಶ್ನೆಯ ತೊಲೆಗೆ ಅದರ ನಡುಬಿಂದುವಿನ ಸುತ್ತ ಟಾರ್ಕ್‌ಗಳನ್ನು ಬರೆದು, ಮೊತ್ತ ಸೊನ್ನೆಯಾಗುವುದನ್ನು ತೋರಿಸಿಕೊಂಡು ಬನ್ನಿ. ಅಂಕಗಳ ಎಣಿಕೆಯಲ್ಲಿ ವ್ಯತ್ಯಾಸ ಕಂಡುಬಂದವರು ಅಂದೇ ಉತ್ತರ ಪತ್ರಿಕೆಯೊಂದಿಗೆ ನನ್ನನ್ನು ಕಾಣಬಹುದು.

ಭೌತಶಾಸ್ತ್ರ ಉಪನ್ಯಾಸಕರು