ಪೋಸ್ಟರ್ ವಿನ್ಯಾಸ ಪತ್ರ: ತೂಕ ನೋಡಿ ಮೆಣಸಿನಕಾಯಿ ಒಣಗಿದ್ದು ತಿಳಿಯುವ ಲೆಕ್ಕ

ಧಾರವಾಡದ ಸಂಕಿರಣದ ಪೋಸ್ಟರ್ ಸಾಲಿಗೆ. ಅಳತೆ ಎ0, ಉದ್ದಕ್ಕೆ ನಿಲ್ಲಿಸಿದ್ದು: ಅಗಲ 841 ಮಿಮೀ, ಎತ್ತರ 1189 ಮಿಮೀ. ಪ್ರಬಂಧ ಒಂಬತ್ತು ಪುಟ ಇದೆ. ಪೋಸ್ಟರಿನಲ್ಲಿ ಚಿತ್ರಗಳನ್ನು ಬಿಟ್ಟು ಹೆಚ್ಚೆಂದರೆ 200 ಪದ. ಸಾರಾಂಶ, ಹಿಂದಿನ ಅಧ್ಯಯನಗಳ ಪರಿಶೀಲನೆ, ಕೋಷ್ಟಕ 1 ಮತ್ತು 3 ಇವನ್ನು ಪೂರ್ತಿ ಕೈಬಿಟ್ಟಿದ್ದೇವೆ. ಬ್ಯಾಡಗಿ ಮಾರುಕಟ್ಟೆಯ ಕೆಂಪು ರಾಶಿಯ ಫೋಟೋವನ್ನೂ ಬಿಟ್ಟಿದ್ದೇವೆ. ನೋಡಲು ಚಂದವೇನೋ ಹೌದು, ಆದರೆ ನಮ್ಮ ವಾದಕ್ಕೆ ಅದು ಏನನ್ನೂ ಸೇರಿಸುವುದಿಲ್ಲ, ಜಾಗ ಮಾತ್ರ ತಿನ್ನುತ್ತದೆ.

ಚೌಕಟ್ಟು

ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಅಳತೆ 84.1 × 118.9 ಸೆಂಮೀ. ಚಿಕ್ಕ ಸ್ಲೈಡ್ ಮಾಡಿ ಆಮೇಲೆ ಹಿಗ್ಗಿಸುವುದು ಬೇಡ, ಅಕ್ಷರದ ಗಾತ್ರದ ಲೆಕ್ಕವೇ ತಪ್ಪುತ್ತದೆ. ನಾಲ್ಕೂ ಕಡೆ 30 ಮಿಮೀ ಅಂಚು. ಒಳಗಿನ 1129 ಮಿಮೀ ಎತ್ತರವನ್ನು ಮೇಲಿನಿಂದ ಹೀಗೆ ಹಂಚಿದೆ: ಶೀರ್ಷಿಕೆ ಪಟ್ಟಿ 165, ಮುಖ್ಯ ಮಾತು 150, ಎರಡು ಅಂಕಣಗಳ ಭಾಗ 694, ಅಡಿಪಟ್ಟಿ 60, ನಡುವೆ ಮೂರು ಕಡೆ 20 ಮಿಮೀ ಖಾಲಿ. ಅಂಕಣ ತಲಾ 375 ಮಿಮೀ, ಮಧ್ಯೆ 31.

ಅಂಕಣ ಎರಡೇ ಸಾಕು. ಮೂರು ಮಾಡಿದರೆ ಸಾಲಿಗೆ ಮೂರು ಪದ ಹಿಡಿಯುವುದೇ ಕಷ್ಟ, ಕನ್ನಡದ ಪದಗಳು ಅಷ್ಟು ಉದ್ದ. ಇದೇ ಕಾರಣಕ್ಕೆ ಎಡಕ್ಕೆ ಮಾತ್ರ ಸರಿಸಾಲು. ಎರಡೂ ಕಡೆ ಜೋಡಿಸಿದರೆ ಪದಗಳ ನಡುವೆ ಬಿರುಕು ಬೀಳುತ್ತದೆ.

ಅಕ್ಷರ

ಎಲ್ಲ ಕಡೆ ನೋಟೊ ಸಾನ್ಸ್ ಕನ್ನಡ. ಶೀರ್ಷಿಕೆ 96 ಪಾಯಿಂಟ್ ದಪ್ಪ, ಮುಖ್ಯ ಮಾತು 66 ದಪ್ಪ, ವಿಭಾಗದ ತಲೆಬರಹ 48 ದಪ್ಪ, ಲೇಖಕರ ಹೆಸರು 40, ಪಠ್ಯ 34, ಚಿತ್ರದೊಳಗಿನ ಅಂಕಿ 28, ಚಿತ್ರದ ಅಡಿಬರಹ 26. ಇದಕ್ಕಿಂತ ಚಿಕ್ಕದು ಎಲ್ಲೂ ಇಲ್ಲ. ಸಾಲಿನ ಅಂತರ 1.4. ಇಂಗ್ಲಿಷಿಗೆ 1.2 ಸಾಕಾಗುತ್ತದೆ, ಆದರೆ ಅದೇ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಪರೀಕ್ಷೆಗೆ ಇಡೀ ಪೋಸ್ಟರನ್ನು ಒಂದು ಎ4 ಹಾಳೆಯಲ್ಲಿ ಮುದ್ರಿಸಬೇಕು. ಎ0 ಎ4ಗಿಂತ ಉದ್ದ ಅಗಲ ಎರಡರಲ್ಲೂ ನಾಲ್ಕು ಪಟ್ಟು, ಹಾಗಾಗಿ 34 ಪಾಯಿಂಟ್ ಅಲ್ಲಿ 8.5 ಆಗುತ್ತದೆ. ಕೈಯಲ್ಲಿ ಹಿಡಿದು ಪಠ್ಯ ಓದಲಾಗದಿದ್ದರೆ ಗೋಡೆಯ ಮುಂದೆ ನಿಂತವರಿಗೂ ಓದಲಾಗದು. ಆಗ ಪದ ಕಡಿಮೆ ಮಾಡುವುದು, ಅಕ್ಷರ ಕಿರಿದು ಮಾಡುವುದಲ್ಲ.

ಪ್ರಬಂಧ ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಆಗಿದೆ. ನೇರ ಅಂಟಿಸಿದರೆ ಇಂಗ್ಲಿಷ್ ಕಸ ಬರುತ್ತದೆ. ಮೊದಲು ಯುನಿಕೋಡ್‌ಗೆ ಬದಲಿಸಿ, ಆಮೇಲೆ ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಬೇಕು.

ಪೋಸ್ಟರಿನ ಪಠ್ಯ

*ಶೀರ್ಷಿಕೆ ಪಟ್ಟಿ, ಎರಡು ಸಾಲು:*
ತೂಕ ನೋಡಿ ಮೆಣಸಿನಕಾಯಿ ಒಣಗಿದ್ದು ತಿಳಿಯುವುದು ಹೇಗೆ?

ಪ್ರಬಂಧದ ಮೂಲ ಶೀರ್ಷಿಕೆ ಹದಿನಾರು ಪದ. ದೂರದಿಂದ ಅದನ್ನು ಯಾರೂ ಓದುವುದಿಲ್ಲ.

*ಮುಖ್ಯ ಮಾತು, ತಿಳಿ ಹಳದಿ ಪಟ್ಟಿಯಲ್ಲಿ:*
ಹಸಿಕಾಯಿಯ ತೇವಾಂಶ 80% ಇದ್ದು ನಾವು 75% ಎಂದುಕೊಂಡರೆ, 10%ಗೆ ಒಣಗಿತು ಎಂದು ನಿಲ್ಲಿಸುವಾಗ ಕಾಯಲ್ಲಿ ಇನ್ನೂ 28% ತೇವ ಇರುತ್ತದೆ.

*ಎಡ ಅಂಕಣ, ಮೊದಲ ತಲೆಬರಹ «ಸಮಸ್ಯೆ»:*
ಕಣದಲ್ಲಿ ಕಾಯಿ ಒಣಗಿದ್ದನ್ನು ಕೈಯಿಂದ ಮುರಿದು, ಅಲುಗಾಡಿಸಿ ಬೀಜದ ಸಪ್ಪಳ ಕೇಳಿ ನಿರ್ಧರಿಸುತ್ತಾರೆ. ತೇವ ಉಳಿದರೆ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಅತಿ ಒಣಗಿದರೆ ಕಾಯಿ ಪುಡಿಯಾಗುತ್ತದೆ, ತೂಕವೂ ಹೋಗುತ್ತದೆ.

*ಎರಡನೆಯದು «ಲೆಕ್ಕ»:*
ಒಣಗುವಾಗ ಹೋಗುವುದು ನೀರು. ಕಾಯಿಯ ಒಣ ಭಾಗ ಹಾಗೇ ಇರುತ್ತದೆ ಎಂದು ಹಿಡಿದರೆ:
ಒಣಗಿದ ತೂಕ = ಹಸಿ ತೂಕ × (100 − ಹಸಿ ತೇವಾಂಶ) ÷ (100 − ಬೇಕಾದ ತೇವಾಂಶ)
10 ಕೆಜಿ ಕಾಯಿ 75%ರಿಂದ 10%ಗೆ ಇಳಿದಾಗ ತೂಕ 2.78 ಕೆಜಿ.

*ಚಿತ್ರ 1, ಎಡ ಅಂಕಣದ ಕೆಳಗೆ, 355 × 240 ಮಿಮೀ:* ಎರಡು ಕಂಬ. ಒಂದು 10 ಕೆಜಿ, ಇನ್ನೊಂದು 2.78 ಕೆಜಿ. ಎರಡರಲ್ಲೂ 2.5 ಕೆಜಿ ಒಣ ಭಾಗ ಒಂದೇ ಎತ್ತರದಲ್ಲಿ, ಅದೇ ಬಣ್ಣದಲ್ಲಿ ಇರಬೇಕು. ಚಿತ್ರ ಹೇಳುವುದು ಅಷ್ಟೇ.
ಅಡಿಬರಹ: ನೀರು ಹೋಗುತ್ತದೆ, ಒಣ ಭಾಗ ಉಳಿಯುತ್ತದೆ.

*ಬಲ ಅಂಕಣದ ಮೇಲೆ ಚಿತ್ರ 2, 355 × 300 ಮಿಮೀ:* ಅಡ್ಡಕ್ಕೆ ಉಳಿದ ತೂಕ, ಲಂಬಕ್ಕೆ ತೇವಾಂಶ. ಆರಂಭಿಕ ತೇವಾಂಶ 60, 75, 80%ಗೆ ಮೂರು ಗೆರೆ: ಕಪ್ಪು, ಗಾಢ ನೀಲಿ, ಕಿತ್ತಳೆ. ಒಂದು ಗೆರೆ ಅಖಂಡ, ಒಂದು ತುಂಡು ತುಂಡು, ಒಂದು ಚುಕ್ಕಿ. ಮೆಣಸಿನಕಾಯಿ ಅಂತ ಕೆಂಪು ಹಸಿರು ಹಾಕಿದರೆ, ಆ ಎರಡು ಬಣ್ಣ ಬೇರೆ ಮಾಡಿ ಕಾಣದವರಿಗೆ ಗೆರೆಗಳು ಒಂದೇ ಆಗುತ್ತವೆ. ಹೆಸರುಗಳನ್ನು ಗೆರೆಗಳ ತುದಿಯಲ್ಲೇ ಬರೆಯಬೇಕು, ಬೇರೆ ಪೆಟ್ಟಿಗೆಯಲ್ಲಲ್ಲ. 2.78 ಕೆಜಿಯಲ್ಲಿ ಒಂದು ಲಂಬ ಗೆರೆ. ಅದು ನೀಲಿಯನ್ನು 10ರಲ್ಲಿ, ಕಿತ್ತಳೆಯನ್ನು 28ರಲ್ಲಿ ಕತ್ತರಿಸುತ್ತದೆ, ಕಪ್ಪನ್ನು ಮುಟ್ಟುವುದೇ ಇಲ್ಲ. ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗಬೇಕು.

ಗ್ರಾಫನ್ನು ಪೋಸ್ಟರಿನ ಅಳತೆಯಲ್ಲೇ ತೆಗೆಯುವುದು:

```
plt.rcParams["font.size"] = 28
fig = plt.figure(figsize=(14, 11.8))
# plot ಸಾಲುಗಳು ಇಲ್ಲಿ
fig.savefig("chitra2.svg")
```

ಪರದೆಯ ಫೋಟೋ ಬೇಡ, ಮುದ್ರಣದಲ್ಲಿ ಅಂಕಿಗಳ ಅಂಚು ಮೆಟ್ಟಿಲಾಗುತ್ತದೆ. ಗ್ರಾಫ್ ತೆಗೆಯುವಾಗ ಕನ್ನಡ ಹೆಸರು ಹಾಕಿದರೆ ಒತ್ತಕ್ಷರ ಒಡೆಯುವುದುಂಟು. ಆದ್ದರಿಂದ ಅಲ್ಲಿ ಅಂಕಿ ಮಾತ್ರ ಇಟ್ಟು, ಕನ್ನಡವನ್ನು ಪವರ್‌ಪಾಯಿಂಟ್‌ನಲ್ಲಿ ಮೇಲೆ ಸೇರಿಸುವುದು.

*ತಲೆಬರಹ «ಕಂಡದ್ದು»:*
75% ತೇವಾಂಶದ 10 ಕೆಜಿ ಹಸಿಕಾಯಿ ಒಣಗಿ 15%ಗೆ ಬಂದಾಗಿನ ಮತ್ತು 10%ಗೆ ಬಂದಾಗಿನ ತೂಕದ ವ್ಯತ್ಯಾಸ ಬರೀ 160 ಗ್ರಾಂ. 100 ಗ್ರಾಂ ಮೆಟ್ಟಿಲಿನ ತಕ್ಕಡಿ ಇಲ್ಲಿ ಸಾಲದು, 10 ಗ್ರಾಂನದು ಬೇಕು.
ಗಿಡದಲ್ಲೇ ಬಾಡಿ ತೇವಾಂಶ 60%ಗೆ ಇಳಿದ ಕಾಯಿ 2.78 ಕೆಜಿಗೆ ಎಂದೂ ಬಾರದು. ಅದರ ಒಣ ಭಾಗವೇ 4 ಕೆಜಿ.

*ತಲೆಬರಹ «ಮಿತಿ»:*
ಪ್ರತಿ ಕೊಯ್ಲಿಗೂ ಹಸಿಕಾಯಿಯ ತೇವಾಂಶ ಬೇರೆಯಾಗಿ ಅಳೆಯಬೇಕು. ಒಣಗಿಸುವಾಗ ಉದುರಿದ ಬೀಜ, ತೊಟ್ಟುಗಳನ್ನೂ ತೂಕಕ್ಕೆ ಸೇರಿಸಬೇಕು.

*ಅಡಿಪಟ್ಟಿ:* ಎಡಕ್ಕೆ ಪೂರ್ತಿ ಪ್ರಬಂಧದ ಕ್ಯೂಆರ್, 50 × 50 ಮಿಮೀ, ಸುತ್ತ ಬಿಳಿ ಜಾಗ ಬಿಟ್ಟು. ಬಲಕ್ಕೆ ವಿಭಾಗದ ಲಾಂಛನ. ಲಾಂಛನ ಶೀರ್ಷಿಕೆಯ ಪಕ್ಕಕ್ಕೆ ಹೋದರೆ 96 ಪಾಯಿಂಟಿಗೆ ಜಾಗವಿಲ್ಲ.

ಹುಬ್ಬಳ್ಳಿಯ ಫ್ಲೆಕ್ಸ್ ಅಂಗಡಿಗೆ

ಕೊಡುವುದು ಅಕ್ಷರಶೈಲಿಯನ್ನು ಒಳಗೇ ಸೇರಿಸಿದ ಪಿಡಿಎಫ್ ಮಾತ್ರ. ಪೆನ್‌ಡ್ರೈವಿನಲ್ಲಿ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ. ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ.

ಅಂಗಡಿಯವರು ಕೋರೆಲ್‌ನಲ್ಲಿ ತೆರೆಯುವುದಾದರೆ, ಪಿಡಿಎಫ್ ತರುವಾಗ ಪಠ್ಯವನ್ನು «ಕರ್ವ್ಸ್» ಎಂದು ಆರಿಸಲು ಹೇಳಬೇಕು. «ಟೆಕ್ಸ್ಟ್» ಎಂದು ಬಿಟ್ಟರೆ ಅವರ ಗಣಕದಲ್ಲಿ ನಮ್ಮ ಅಕ್ಷರಶೈಲಿ ಇರದೆ ಒತ್ತುಗಳು ಪಕ್ಕಕ್ಕೆ ಜಾರುತ್ತವೆ.

ರಸೀದಿಯ ಮೇಲೆ ಬರೆಸುವುದು: «841 × 1189 ಮಿಮೀ, 1:1, ಹಿಗ್ಗಿಸಬೇಡಿ.» ರೂಢಿಯಂತೆ 3 × 4 ಅಡಿಗೆ ಎಳೆದು ಕೂರಿಸಿದರೆ ಎತ್ತರಕ್ಕಿಂತ ಅಗಲ ಸುಮಾರು 6% ಜಾಸ್ತಿಯಾಗಿ ಅಕ್ಷರ ಊದಿಕೊಳ್ಳುತ್ತದೆ, ಕ್ಯೂಆರ್ ಚೌಕವಾಗಿ ಉಳಿಯುವುದಿಲ್ಲ. ಹೊಳಪಿಲ್ಲದ ಫ್ಲೆಕ್ಸ್ ಇರಲಿ, ಟ್ಯೂಬ್‌ಲೈಟ್ ಕೆಳಗೆ ಹೊಳೆಯುವುದರಲ್ಲಿ ಗ್ರಾಫ್ ಕಾಣದು. ರಿಂಗ್ ಬಡಿಯುವುದು ನಾಲ್ಕು ಮೂಲೆಯ ಅಂಚಿನಲ್ಲಿ, ಪಠ್ಯದ ಕಡೆಗಲ್ಲ.

ಪೂರ್ತಿ ಮುದ್ರಣಕ್ಕೆ ಮೊದಲು ಚಿತ್ರ 2ರ ಒಂದು ಮೂಲೆ ಮತ್ತು «ಕಂಡದ್ದು» ಭಾಗದ ಎರಡು ಸಾಲನ್ನು ನಿಜ ಅಳತೆಯಲ್ಲಿ ತುಂಡು ಫ್ಲೆಕ್ಸ್ ಮೇಲೆ ಹೊಡೆಸಿ, ನಾಲ್ಕು ಅಡಿ ದೂರ ನಿಂತು ಓದಿ ಒಪ್ಪಿಗೆ ಕೊಡುವುದು. ತಂದುಕೊಳ್ಳುವಾಗ ಮಡಿಸದೆ, ಮುದ್ರಿಸಿದ ಮುಖ ಹೊರಗೆ ಬರುವಂತೆ ಸುತ್ತಿ ತರುವುದು.